ತುಮಕೂರಿಗೆ ಎರಡಕ್ಷರ ಸೇರಿದ ಕಥೆ

ಇವತ್ತಿನ ಸಂಚಿಕೆ ಒಂದು ಊರಿನ ಹೆಸರಿನ ಬಗ್ಗೆ. ಊರು ತುಮಕೂರು.

ತುಮಕೂರು ತಾಲ್ಲೂಕಿನ ಕೋರ ಹೋಬಳಿಯಲ್ಲಿ ಒಂದು ಮನೆ ಅಂದ್ಕೊಳ್ಳಿ. ಆ ಮನೆಯ ಬೀರುವಿನಲ್ಲಿ ಮೂರು ಕಾಗದ ಇದೆ. ಒಂದು, ಜಮೀನಿನ ಪಹಣಿ. ಇನ್ನೊಂದು, ಅಕ್ಕ 2010ರಲ್ಲಿ ಕಾಲೇಜಿನಿಂದ ತಂದ ಟಿ.ಸಿ. ಮೂರನೆಯದು, ತಮ್ಮ 2018ರಲ್ಲಿ ಅದೇ ಕಾಲೇಜಿನಿಂದ ತಂದ ಟಿ.ಸಿ. ಅಕ್ಕನ ಟಿ.ಸಿ.ಯಲ್ಲಿ ಜಿಲ್ಲೆಯ ಹೆಸರು Tumkur. ತಮ್ಮನದರಲ್ಲಿ Tumakuru. ಪಹಣಿಯಲ್ಲಿ ಮಾತ್ರ ಅಪ್ಪನ ಕಾಲದಿಂದಲೂ ಒಂದೇ ಥರ: ತುಮಕೂರು.

ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು ಒಂದೇ ಜಿಲ್ಲೆಯಲ್ಲಿ, ಓದಿದ್ದು ಒಂದೇ ಕಾಲೇಜಿನಲ್ಲಿ. ಹಾಗಿದ್ರೆ ಹೆಸರು ಬದಲಾಯ್ತಾ, ಇಲ್ವಾ? ಬದಲಾಗಿದ್ದರೆ ಪಹಣಿಯಲ್ಲಿ ಯಾಕೆ ಬದಲಾಗಿಲ್ಲ? ಬದಲಾಗದೇ ಇದ್ದರೆ ಅದಕ್ಕೆ ದಿಲ್ಲಿಯ ಒಪ್ಪಿಗೆ ಯಾಕೆ ಬೇಕಾಯ್ತು? ಇವತ್ತು ಈ ಮೂರು ಪ್ರಶ್ನೆಗೆ ಉತ್ತರ ಹುಡುಕೋಣ.

2014ರ ನವೆಂಬರ್ 1

ಮೊದಲು ನಡೆದಿದ್ದೇನು ಅಂತ ನೋಡೋಣ. 2014ರ ನವೆಂಬರ್ 1, ಕನ್ನಡ ರಾಜ್ಯೋತ್ಸವದ ದಿನ, ಕರ್ನಾಟಕದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯ್ತು. ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಚಿಕ್ಕಮಗಳೂರು, ಹುಬ್ಬಳ್ಳಿ, ಬಳ್ಳಾರಿ, ಹೊಸಪೇಟೆ, ಬೆಳಗಾವಿ, ಕಲಬುರಗಿ, ವಿಜಯಪುರ, ಜತೆಗೆ ನಮ್ಮ ತುಮಕೂರು.

ಈ ಹನ್ನೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡ್ತೀವಿ. ಆದರೆ ಇವುಗಳಲ್ಲಿ ಎರಡು ಬಗೆ ಇದೆ. ಬಿಜಾಪುರ ವಿಜಯಪುರ ಆಯ್ತು. ಅಲ್ಲಿ ಕನ್ನಡದಲ್ಲೂ ಹೆಸರು ಬದಲಾಯ್ತು, ಬಸ್ಸಿನ ಬೋರ್ಡು ಕನ್ನಡದಲ್ಲೇ ಹೊಸದಾಗಿ ಬರೆಸಬೇಕಾಯ್ತು. ತುಮಕೂರಿನಲ್ಲಿ ಹಾಗಾಗಲಿಲ್ಲ. ಕನ್ನಡದ ಬೋರ್ಡಿನಲ್ಲಿ ಒಂದು ಒತ್ತು, ಒಂದು ದೀರ್ಘವೂ ಆಚೀಚೆ ಆಗಲಿಲ್ಲ. ಬದಲಾಗಿದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೀತಿ ಮಾತ್ರ. ಆರು ಅಕ್ಷರ ಇದ್ದ ಕಡೆ ಎಂಟಾಯ್ತು. ಮಧ್ಯೆ ಒಂದು a, ಕೊನೆಗೆ ಒಂದು u.

ಮೊದಲ ಪ್ರಶ್ನೆಗೆ ಉತ್ತರ ಸಿಕ್ತು ನೋಡಿ. ಕರ್ನಾಟಕದ ಪಹಣಿ ಇರೋದು ಕನ್ನಡದಲ್ಲಿ. ಅದಕ್ಕೇ ಕೋರದ ರೈತನ ಪಹಣಿಗೆ ಈ ಬದಲಾವಣೆ ತಾಗಲೇ ಇಲ್ಲ. ತಾಗಿದ್ದು ಊರಿನ ಹೆಸರು ಇಂಗ್ಲಿಷ್‌ನಲ್ಲಿ ಇರುವ ಕಾಗದಗಳಿಗೆ.

Tumkur ಅಂತ ಬರೆದಿದ್ದು ಯಾರು?

ಸಾಮಾನ್ಯವಾಗಿ ಕೇಳೋ ಉತ್ತರ ಏನು ಗೊತ್ತಾ? "ಬ್ರಿಟಿಷರಿಗೆ ನಮ್ಮ ಹೆಸರು ಹೇಳೋಕೆ ಬರ್ತಿರಲಿಲ್ಲ, ಕೆಡಿಸಿ ಬರೆದರು." ಇದು ಅರ್ಧ ನಿಜ. ಇನ್ನರ್ಧ ಇದಕ್ಕಿಂತ ಸ್ವಾರಸ್ಯವಾಗಿದೆ.

ಹತ್ತೊಂಬತ್ತನೇ ಶತಮಾನದ ಮೊದಲರ್ಧದ ಇಂಗ್ಲಿಷ್ ಬರಹಗಳನ್ನ ನೋಡಿದ್ರೆ ಅಲ್ಲಿ Tumkur ಕಾಣೋದು ಅಪರೂಪ. ಅಲ್ಲಿರೋದು Toomkoor. ಆ ಕಾಲದಲ್ಲಿ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನರಿಗಳು ನೆಲೆಸಿದ್ದರು. ಅವರಲ್ಲೊಬ್ಬರಾದ ವಿಲಿಯಂ ಆರ್ಥರ್ ಮೈಸೂರು ಸೀಮೆಯ ಅನುಭವದ ಮೇಲೆ 1847ರಲ್ಲಿ ಪುಸ್ತಕವನ್ನೇ ಬರೆದರು. ಅವರ ಬರಹದಲ್ಲಿ ಗುಬ್ಬಿ ಹೇಗಿದೆ ಗೊತ್ತಾ? Goobbee. ನೋಡಿದ್ರೆ ನಗು ಬರುತ್ತೆ. ಆದರೆ ಗಟ್ಟಿಯಾಗಿ ಓದಿ ನೋಡಿ, ಸರಿಯಾಗಿ ಗುಬ್ಬಿ ಅಂತಲೇ ಕೇಳಿಸುತ್ತೆ. ಇಂಗ್ಲಿಷ್ ಓದುಗನ ಬಾಯಲ್ಲಿ ಉಕಾರ ಬರಬೇಕಾದ್ರೆ ಎರಡು o, ಇಕಾರಕ್ಕೆ ಎರಡು e. ಕಿವಿಗೆ ಬಿದ್ದಿದ್ದನ್ನ ಅವರು ತಮ್ಮ ಭಾಷೆಯ ಕಾಗುಣಿತದಲ್ಲಿ ಬರೆದುಕೊಂಡರು, ಅಷ್ಟೇ.

ಇದರಲ್ಲಿ ಒಂದು ತೊಂದರೆ ಇತ್ತು. ಒಬ್ಬೊಬ್ಬ ಅಧಿಕಾರಿ ಒಂದೊಂದು ಥರ ಕೇಳಿಸ್ಕೊಂಡು ಒಂದೊಂದು ಥರ ಬರೀತಿದ್ದ. ಕಂದಾಯದ ಲೆಕ್ಕದಲ್ಲಿ ಒಂದು, ನಕ್ಷೆಯಲ್ಲಿ ಇನ್ನೊಂದು, ಅಂಚೆಯಲ್ಲಿ ಮತ್ತೊಂದು. ಹಾಗಾಗಿ 1860-70ರ ದಶಕಗಳಲ್ಲಿ ಬ್ರಿಟಿಷ್ ಸರ್ಕಾರ ಇಡೀ ಭಾರತದ ಊರುಗಳ ಹೆಸರನ್ನ ಒಂದೇ ಪದ್ಧತಿಯಲ್ಲಿ ಬರೆಯೋಕೆ ಹೊರಟಿತು. ಈ ಕೆಲಸದ ಹಿಂದಿದ್ದವರು ಗೆಜೆಟಿಯರ್‌ಗಳ ಸಂಪಾದಕ ವಿಲಿಯಂ ವಿಲ್ಸನ್ ಹಂಟರ್. ಅವರ ಪದ್ಧತಿಯಲ್ಲಿ ಒಂದು ಸ್ವರಕ್ಕೆ ಒಂದೇ ಅಕ್ಷರ. ಉಕಾರಕ್ಕೆ ಎರಡು o ಬೇಡ, ಒಂದು u ಸಾಕು. ಇಕಾರಕ್ಕೆ ಒಂದು i.

ಈ ನಿಯಮ ಬಂದ ಮೇಲೆ Goobbee ಹೋಗಿ Gubbi ಆಯ್ತು. Toomkoor ಹೋಗಿ Tumkur ಆಯ್ತು. ಅಂದ್ರೆ 2014ರಲ್ಲಿ ನಡೆದಿದ್ದು ಮೊದಲ ಬದಲಾವಣೆ ಅಲ್ಲವೇ ಅಲ್ಲ. ಸರ್ಕಾರದ ದಾಖಲೆಗಳಲ್ಲಿ ತುಮಕೂರಿನ ಇಂಗ್ಲಿಷ್ ಕಾಗುಣಿತ ಅದಕ್ಕೂ ಮೊದಲೇ ಒಂದು ಸಲ ಬದಲಾಗಿತ್ತು. ಬದಲಾಯಿಸಿದವರು ಬ್ರಿಟಿಷರೇ.

ಹಂಟರ್ ಪದ್ಧತಿಯಲ್ಲಿ ಒಂದು ವಿನಾಯಿತಿಯೂ ಇತ್ತು. ಆಗಲೇ ಜಗತ್ತಿಗೆಲ್ಲ ಗೊತ್ತಿದ್ದ ಹೆಸರುಗಳನ್ನ ಮುಟ್ಟೋದು ಬೇಡ, ರೂಢಿಯಲ್ಲಿ ಇದ್ದಂತೆ ಬಿಡೋಣ ಅಂತ. ಕಲ್ಕತ್ತಾ, ಬಾಂಬೆಗಳು ಹಳೆಯ ರೂಪದಲ್ಲೇ ಉಳಿದಿದ್ದು ಹಾಗೆ. ಬ್ಯಾಂಗಲೋರ್, ಮೈಸೋರ್‌ಗಳ ಬಾಲದಲ್ಲಿ ore ಉಳಿದುಕೊಂಡು, ತುಮಕೂರಿನ ಬಾಲ ಮಾತ್ರ ur ಆಗಿದ್ದನ್ನ ಗಮನಿಸಿದ್ದೀರಾ? ದೊಡ್ಡ ಹೆಸರುಗಳು ಹಳೆಯ ವೇಷದಲ್ಲೇ ಉಳಿದವು, ಸಣ್ಣ ಊರುಗಳು ನಿಯಮಕ್ಕೆ ಸಿಕ್ಕವು.

ಆ ಎರಡಕ್ಷರ ಬಿಟ್ಟುಹೋಗಿದ್ದು ಹೇಗೆ?

ಸರಿ, ಪದ್ಧತಿ ಅಷ್ಟು ಶಿಸ್ತಾಗಿದ್ರೆ ಮಧ್ಯದ ಅಕಾರ, ಕೊನೆಯ ಉಕಾರ ಯಾಕೆ ಬರಲಿಲ್ಲ? ಇಲ್ಲಿ ನಾವು ನಮ್ಮ ಬಾಯನ್ನೇ ಸ್ವಲ್ಪ ಗಮನಿಸಬೇಕು.

ನೀವು ಫೋನಿನಲ್ಲಿ ಸ್ನೇಹಿತನಿಗೆ ಹೇಗೆ ಹೇಳ್ತೀರಿ? "ತುಮಕೂರಿಗೆ ಹೋಗುತ್ತಿದ್ದೇನೆ" ಅಂತಾನಾ? ಇಲ್ಲ. "ತುಮ್ಕೂರ್ಗೆ ಹೋಗ್ತಿದೀನಿ ಮಗಾ" ಅಂತೀರಿ. ಮಧ್ಯದ ಅ ಎಲ್ಲಿ ಹೋಯ್ತು? ಕೊನೆಯ ಉ ಎಲ್ಲಿ ಹೋಯ್ತು? ನಾವೇ ನುಂಗಿಬಿಟ್ವಿ. ಆಡುಗನ್ನಡದಲ್ಲಿ ಇದು ದಿನಾ ನಡೆಯೋದು. ಬೆಂಗಳೂರು ಬೆಂಗ್ಳೂರು ಆಗುತ್ತೆ, ಹುಬ್ಬಳ್ಳಿ ಹುಬ್ಳಿ ಆಗುತ್ತೆ, ತಿಪಟೂರು ತಿಪ್ಟೂರು ಆಗುತ್ತೆ. ಗುಬ್ಬಿಯಲ್ಲಿ ನುಂಗೋಕೆ ಅಂಥ ಅಕ್ಷರ ಇಲ್ಲ. ಅದಕ್ಕೇ Gubbi ಸರಿಯಾಗೇ ಬಂತು, 2014ರಲ್ಲಿ ಅದನ್ನ ಮುಟ್ಟೋ ಅಗತ್ಯವೂ ಇರಲಿಲ್ಲ. ಕುಣಿಗಲ್ ಕೂಡ ಹಾಗೇ.

ಇನ್ನೂ ಒಂದು ಮಾತಿದೆ. ಕೊನೆಯ ಉಕಾರ ಊರಿನ ಹೆಸರಿಗೆ ಸೇರಿದ್ದೇ ತಡವಾಗಿ. ಹಳಗನ್ನಡದಲ್ಲಿ ಆ ಪದ ಇದ್ದಿದ್ದು "ಊರ್" ಅಂತ, ವ್ಯಂಜನದಲ್ಲೇ ಮುಗೀತಿತ್ತು. ಆಮೇಲಿನ ಕನ್ನಡದಲ್ಲಿ ಅದು "ಊರು" ಆಯ್ತು. ತಮಿಳಿನಲ್ಲಿ ಇವತ್ತಿಗೂ ಊರ್ ಅಂತಲೇ ಇದೆ.

ಹಾಗಾಗಿ Tumkur ಅನ್ನೋದು ಬರೀ ಕಿವುಡುತನದ ಫಲ ಅಲ್ಲ. ಪೇಟೆಯಲ್ಲಿ ಜನ ಆಡಿದ ಮಾತು ಬಹುಮಟ್ಟಿಗೆ ಅದರಲ್ಲಿ ಇತ್ತು. 2014ರಲ್ಲಿ ಸರ್ಕಾರ ಏನು ಮಾಡ್ತು ಅಂದ್ರೆ, ಆಡುವ ಕನ್ನಡದ ಬದಲು ಬರೆಯುವ ಕನ್ನಡವನ್ನ ಆಧಾರ ಮಾಡ್ಕೊಂಡಿತು. ಕನ್ನಡದಲ್ಲಿ ನೀವು ತುಮಕೂರು ಅಂತ ಐದು ಸಲ ಬರೆದ್ರೆ ಐದು ಸಲವೂ ಒಂದೇ ಥರ ಇರುತ್ತೆ. ಆಡುವಾಗ ಮನೆಗೊಂದು ಥರ, ವೇಗಕ್ಕೊಂದು ಥರ. ದಾಖಲೆಗೆ ಬೇಕಿರೋದು ಸ್ಥಿರವಾದ ರೂಪ. ಈ ಬದಲಾವಣೆಯ ಒಳಗಿನ ತರ್ಕ ಇದು: ಊರಿನ ಹೆಸರಿನ ಮೂಲ ಪ್ರತಿ ಕನ್ನಡದಲ್ಲಿದೆ, ಇಂಗ್ಲಿಷಿನದು ಅದರ ನಕಲು, ನಕಲು ಮೂಲವನ್ನ ಅನುಸರಿಸಬೇಕು.

ಇದರಿಂದ ಒಂದು ಸಣ್ಣ ಲಾಭವೂ ಇದೆ. ತುಮಕೂರು ಅನ್ನೋ ಹೆಸರು ಹೇಗೆ ಬಂತು ಅನ್ನೋದಕ್ಕೆ ಎರಡು ಕಥೆ ಓಡಾಡುತ್ತೆ. ತುಂಬೆ ಹೂವು ಹೆಚ್ಚಾಗಿದ್ದ ಊರು ಅಂತ ಒಂದು. ತುಮುಕಿ ಅನ್ನೋ ಸಣ್ಣ ಚರ್ಮವಾದ್ಯದಿಂದ ಬಂತು ಅಂತ ಇನ್ನೊಂದು. ಎರಡರಲ್ಲಿ ಯಾವುದು ಸರಿ ಅಂತ ವಾದ ಮಾಡಬೇಕಾದ್ರೂ ಹೆಸರಿನ ಪೂರ್ತಿ ಅಕ್ಷರ ಕೈಯಲ್ಲಿ ಇರಬೇಕು. Tumkur ನೋಡಿದವನಿಗೆ "ಮ್" ಆದ ಮೇಲೆ ಒಂದು ಸ್ವರ ಇತ್ತು ಅನ್ನೋ ಸುಳಿವೇ ಸಿಗಲ್ಲ.

ಒಂಬತ್ತು ವರ್ಷ ಯಾಕೆ ಹಿಡೀತು?

ಹೆಸರು ಬದಲಿಸೋ ಸಲಹೆ ಕೊಟ್ಟವರು ಯು.ಆರ್. ಅನಂತಮೂರ್ತಿ. 2006ಕ್ಕೆ ಕರ್ನಾಟಕ ಏಕೀಕರಣವಾಗಿ ಐವತ್ತು ವರ್ಷ. ಆ ಸುವರ್ಣ ಕರ್ನಾಟಕದ ನೆನಪಿಗೆ ಊರುಗಳ ಹೆಸರನ್ನ ಕನ್ನಡದಲ್ಲಿ ಇರೋ ಹಾಗೇ ಇಂಗ್ಲಿಷಿನಲ್ಲೂ ಬರೆಯೋಣ ಅಂತ ಅವರು ಹೇಳಿದರು. 2005ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಧರ್ಮಸಿಂಗ್ ಅದನ್ನ ಒಪ್ಪಿ ಘೋಷಿಸಿದರು. ಜಾರಿಗೆ ಬಂದಿದ್ದು 2014ರಲ್ಲಿ, ಸಿದ್ದರಾಮಯ್ಯ ಮುಖ್ಯಮಂತ್ರಿ ಆಗಿದ್ದಾಗ. ಅಷ್ಟರಲ್ಲಿ ಅನಂತಮೂರ್ತಿ ಇರಲಿಲ್ಲ. ಅವರು ತೀರಿಕೊಂಡಿದ್ದು ಅದೇ ವರ್ಷ ಆಗಸ್ಟ್ 22ರಂದು.

ಎರಡಕ್ಷರ ಸೇರಿಸೋಕೆ ಸುಮಾರು ಒಂಬತ್ತು ವರ್ಷನಾ? ಇಲ್ಲಿ ನಿಯಮ ಗೊತ್ತಿದ್ರೆ ಅರ್ಥ ಆಗುತ್ತೆ. ರಾಜ್ಯದ ಹೆಸರು ಬದಲಿಸೋಕೆ ಸಂಸತ್ತಿನ ಕಾಯ್ದೆ ಬೇಕು. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕ ಆಗಿದ್ದು ಹಾಗೆ. ಊರಿನ ಹೆಸರಿಗೆ ಕಾಯ್ದೆ ಬೇಡ, ಆದರೆ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ಕಾರಣ ವಿವರಿಸಿ ಪ್ರಸ್ತಾವ ಕಳಿಸುತ್ತೆ. ಗೃಹ ಸಚಿವಾಲಯ ಅದನ್ನ ರೈಲ್ವೆ, ಅಂಚೆ ಇಲಾಖೆ, ಸರ್ವೆ ಆಫ್ ಇಂಡಿಯಾ ಮುಂತಾದ ಕಡೆ ಕಳಿಸಿ "ನಿಮ್ಮದೇನಾದ್ರೂ ಆಕ್ಷೇಪ ಇದೆಯಾ?" ಅಂತ ಕೇಳುತ್ತೆ. ಇವರನ್ನೇ ಕೇಳೋದು ಯಾಕೆ ಅಂದ್ರೆ, ಅದೇ ಹೆಸರಿನ ಇನ್ನೊಂದು ಊರು ಇದ್ದು ಗೊಂದಲ ಆದರೆ ಮೊದಲು ದಾರಿ ತಪ್ಪೋದು ರೈಲ್ವೆ ಪಾರ್ಸೆಲ್ಲು, ಅಂಚೆ ಕಾಗದ ಮತ್ತು ನಕ್ಷೆ. ಯಾರದ್ದೂ ಆಕ್ಷೇಪ ಇಲ್ಲ ಅಂತಾದ ಮೇಲೆ ಒಪ್ಪಿಗೆ ಪತ್ರ ರಾಜ್ಯಕ್ಕೆ ಬರುತ್ತೆ. ಆಮೇಲೆ ರಾಜ್ಯ ತನ್ನ ರಾಜ್ಯಪತ್ರದಲ್ಲಿ, ಅಂದ್ರೆ ಗೆಜೆಟ್‌ನಲ್ಲಿ, ಅಧಿಸೂಚನೆ ಹೊರಡಿಸುತ್ತೆ. ಹೆಸರು ಕಾನೂನಿನ ಪ್ರಕಾರ ಬದಲಾಗೋದು ಆ ಅಧಿಸೂಚನೆಯಿಂದ, ಮುಖ್ಯಮಂತ್ರಿಯ ಭಾಷಣದಿಂದಲ್ಲ.

ಗೃಹ ಸಚಿವಾಲಯ ಹೆಸರು ಬದಲಾವಣೆಗೆ ನೋಡೋ ಮಾರ್ಗಸೂಚಿ 1953ರದ್ದು. ಅದರ ಧಾಟಿಯೇ "ಸುಮ್ಸುಮ್ನೆ ಬದಲಿಸಬೇಡಿ" ಅನ್ನೋದು. ಜನಕ್ಕೆ ರೂಢಿಯಾದ ಹೆಸರನ್ನ ವಿಶೇಷ ಕಾರಣ ಇಲ್ಲದೆ ಬದಲಿಸಬಾರದು. ಇತಿಹಾಸದ ನಂಟಿರೋ ಹೆಸರನ್ನ ಆದಷ್ಟೂ ಮುಟ್ಟಬಾರದು. ಬರೀ ಸ್ಥಳೀಯ ಅಭಿಮಾನ ಅಥವಾ ಭಾಷೆಯ ಕಾರಣಕ್ಕೆ ಬದಲಿಸಬಾರದು.

ಭಾಷೆಯ ಕಾರಣ ಒಂದೇ ಸಾಲದು ಅನ್ನೋ ಮಾತು ಕೇಳಿದ ಮೇಲೆ, ಕರ್ನಾಟಕದ ಪಟ್ಟಿ ಪಾಸಾಗಿದ್ದು ಹೇಗೆ ಅಂತ ಕೇಳಬಹುದು. ತುಮಕೂರಿನಂಥ ಊರುಗಳ ಮಟ್ಟಿಗೆ ಉತ್ತರ ಸುಲಭ. ಅಲ್ಲಿ ಹೊಸ ಹೆಸರೇ ಇಲ್ಲ. ಜನಕ್ಕೆ ರೂಢಿಯಾದ ಹೆಸರು ಯಾವುದೋ ಅದೇ ಇಂಗ್ಲಿಷಿಗೂ ಬರ್ತಿದೆ. ಇದಕ್ಕೆ ಮೊದಲು ದಾರಿ ಮಾಡಿದ ಊರುಗಳೂ ಇದ್ದವು. 2001ರಲ್ಲಿ ಕಲ್ಕತ್ತಾ ಕೋಲ್ಕತಾ ಆಯ್ತು. ಬಂಗಾಳಿಯಲ್ಲಿ ಅದು ಮೊದಲಿನಿಂದಲೂ ಕೋಲ್ಕತಾನೇ. ಪಟ್ಟಿಯಲ್ಲಿ ಕಷ್ಟ ಆಗಿದ್ದು ಬೆಳಗಾವಿ. ಆ ಜಿಲ್ಲೆಯ ಮೇಲೆ ಮಹಾರಾಷ್ಟ್ರದ ಹಕ್ಕೊತ್ತಾಯ ಇದೆ, ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ. ಹೆಸರು ಬದಲಿಸಬಾರದು ಅಂತ ಆ ರಾಜ್ಯ ಆಕ್ಷೇಪ ಎತ್ತಿತ್ತು. ಕೊನೆಗೆ ಹನ್ನೆರಡಕ್ಕೂ ಕೇಂದ್ರ 2014ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಪಟ್ಟಿ ಹನ್ನೆರಡಕ್ಕೇ ನಿಂತಿದ್ದರ ಪರಿಣಾಮ ನೋಡ್ಬೇಕಾದ್ರೆ ತುಮಕೂರಿನಿಂದ ಗುಬ್ಬಿ ದಾಟಿ ರೈಲಿನಲ್ಲಿ ಮುಂದೆ ಹೋಗಿ. ತಿಪಟೂರು ಬರುತ್ತೆ. ಅದೇ ಜಿಲ್ಲೆ. ಅದೇ ನುಂಗಿದ ಅಕಾರ, ಅದೇ ಬಿಟ್ಟುಹೋದ ಉಕಾರ. ಆದರೆ ಅದು ಇವತ್ತಿಗೂ Tiptur. ತರ್ಕ ಎರಡಕ್ಕೂ ಒಂದೇ, ಆದರೆ ಅಧಿಸೂಚನೆ ಆಗಿದ್ದು ಒಂದಕ್ಕೆ ಮಾತ್ರ.

ಏನು ಬದಲಾಗಲಿಲ್ಲ, ಎಲ್ಲಿ ತೊಡಕಾಗುತ್ತೆ

ಅಧಿಸೂಚನೆ ಬಂದ ತಕ್ಷಣ ಎಲ್ಲ ಕಡೆ ಹೊಸ ಹೆಸರು ಬಂದುಬಿಡುತ್ತೆ ಅಂದ್ಕೋಬೇಡಿ. ಬೇರೆ ಕಾನೂನಿನ ಅಡಿಯಲ್ಲಿ ಹುಟ್ಟಿದ ಹೆಸರು, ಆ ಕಾನೂನನ್ನ ತಿದ್ದೋವರೆಗೆ ಹಳೆಯ ರೂಪದಲ್ಲೇ ಇರುತ್ತೆ. ಲೋಕಸಭಾ ಕ್ಷೇತ್ರ ಇದಕ್ಕೆ ಒಳ್ಳೆ ಉದಾಹರಣೆ. ಕ್ಷೇತ್ರಗಳ ಹೆಸರು ಬರೋದು 2008ರ ಮರುವಿಂಗಡಣೆ ಆದೇಶದಿಂದ. ಅದಕ್ಕೇ 2024ರ ಚುನಾವಣೆಯ ಫಲಿತಾಂಶ ನೋಡೋವಾಗಲೂ ಆಯೋಗದ ಪಟ್ಟಿಯಲ್ಲಿ ಕಂಡಿದ್ದು Tumkur. ರೈಲು ನಿಲ್ದಾಣದ ಬೋರ್ಡಿನಲ್ಲಿ ಹೆಸರು ಬದಲಾಯ್ತು, ಆದರೆ ಟಿಕೆಟ್ ಬುಕ್ ಮಾಡೋವಾಗ ಹಾಕೋ ಕೋಡ್ ಈಗಲೂ TK. ಪಿನ್ ಕೋಡಿನಲ್ಲಿ ಊರಿನ ಹೆಸರೇ ಇಲ್ಲ, ಹಾಗಾಗಿ ಅದಕ್ಕೂ ಏನೂ ಆಗಲಿಲ್ಲ.

ಈಗ ಮತ್ತೆ ಕೋರದ ಆ ಅಕ್ಕ ತಮ್ಮನ ಕಡೆ ಬರೋಣ. ಅಕ್ಕನ 2010ರ ಟಿ.ಸಿ. ರದ್ದಾಯ್ತಾ? ಇಲ್ಲ. ಒಂದು ದಾಖಲೆ ಹುಟ್ಟಿದ ದಿನ ಊರಿನ ಅಧಿಕೃತ ಕಾಗುಣಿತ ಏನಿತ್ತೋ ಅದು ಆ ದಾಖಲೆಯಲ್ಲಿ ಇರೋದೇ ಸರಿ. ಅದನ್ನ ತಿದ್ದಿಸೋಕೆ ಓಡಾಡೋ ಅಗತ್ಯ ಇಲ್ಲ. ತೊಡಕು ಬರೋದು ಬೇರೆ ಕಡೆ: ಕಂಪ್ಯೂಟರಿನಲ್ಲಿ.

ಮನುಷ್ಯನ ಕಣ್ಣಿಗೆ ಎರಡೂ ಒಂದೇ ಊರು. ಅಕ್ಷರಗಳನ್ನ ಒಂದೊಂದಾಗಿ ಹೋಲಿಸೋ ಕಂಪ್ಯೂಟರಿಗೆ ಮೊದಲ ಮೂರು ಅಕ್ಷರದ ತನಕ ಮಾತ್ರ ಒಂದೇ. ನಾಲ್ಕನೆಯದರಲ್ಲಿ ಒಂದು ಕಡೆ k, ಇನ್ನೊಂದು ಕಡೆ a. ಅಲ್ಲಿಂದಾಚೆ ಅದರ ಲೆಕ್ಕದಲ್ಲಿ ಎರಡು ಬೇರೆ ಊರು. ಹಾಗಾಗಿ ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆ ಹುಡುಕೋವಾಗ Tumk ಅಂತ ಟೈಪ್ ಮಾಡಿ ಏನೂ ಬರದಿದ್ರೆ "ನಮ್ಮ ಜಿಲ್ಲೆನೇ ಇಲ್ಲ" ಅಂತ ಬಿಟ್ಟುಬಿಡಬೇಡಿ. Tum ಅಂತ ಮೂರೇ ಅಕ್ಷರ ಹಾಕಿ ನೋಡಿ, ಹಳೆಯದೋ ಹೊಸದೋ ಇದ್ದದ್ದು ಬರುತ್ತೆ. ಎರಡು ದಾಖಲೆಯಲ್ಲಿ ಎರಡು ರೂಪ ಇದೆ ಅಂತ ಕಚೇರಿಯಲ್ಲಿ ಯಾರಾದ್ರೂ ತಗಾದೆ ತೆಗೆದ್ರೆ, ನೀವು ಹೇಳಬೇಕಾದ್ದು ಒಂದೇ ಮಾತು: 2014ರ ನವೆಂಬರ್ 1ರಿಂದ ಸರ್ಕಾರವೇ ಕಾಗುಣಿತ ಬದಲಿಸಿದೆ, ಅದಕ್ಕೆ ರಾಜ್ಯಪತ್ರದ ಅಧಿಸೂಚನೆ ಇದೆ. ಈ ದಿನಾಂಕ ನೆನಪಿದ್ರೆ ಎರಡು ಕಾಗದದ ನಡುವಿನ ವ್ಯತ್ಯಾಸವೇ ಅವುಗಳ ಕಾಲವನ್ನ ಹೇಳುತ್ತೆ.

ಇತಿಹಾಸ ಓದೋರಿಗೂ ಇದೇ ಸೂತ್ರ. ನಿಮ್ಮ ಊರಿನ ಬಗ್ಗೆ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಹುಡುಕ್ತಾ Tumakuru ಅಂತ ಮಾತ್ರ ಹಾಕಿದ್ರೆ 2014ರ ಈಚಿನದೇ ಹೆಚ್ಚು ಸಿಗುತ್ತೆ. Tumkur ಹಾಕಿದ್ರೆ ಗೆಜೆಟಿಯರ್‌ಗಳ ಕಾಲ ತೆರೆದುಕೊಳ್ಳುತ್ತೆ. Toomkoor ಹಾಕಿದ್ರೆ ಕುದುರೆ ಮೇಲೆ ಓಡಾಡುತ್ತಿದ್ದ ಮಿಷನರಿಗಳ ಕಾಲ. ಗುಬ್ಬಿಯವರು Goobbee ಅಂತ ಒಂದ್ಸಲ ಹುಡುಕಿ ನೋಡಿ.

ಹೊಸ ಕಾಗುಣಿತ ಎಲ್ಲವನ್ನೂ ಸರಿ ಮಾಡ್ತಾ? ಪೂರ್ತಿ ಇಲ್ಲ. Tumakuru ಅನ್ನೋದನ್ನ ಹೊರಗಿನವರು ಓದಿದ್ರೆ "ತುಮಕುರು" ಅಂತಾರೆ. "ಕೂ" ದೀರ್ಘ ಅನ್ನೋದು ಅದರಲ್ಲಿ ಕಾಣಲ್ಲ. ತಮಾಷೆ ಏನಪ್ಪಾ ಅಂದ್ರೆ, ಎಲ್ಲಕ್ಕಿಂತ ಹಳೆಯ Toomkoor ಇದೆಯಲ್ಲ, ಅದರಲ್ಲಿ "ಕೂ" ದೀರ್ಘ ಚೆನ್ನಾಗೇ ಕೇಳಿಸ್ತಿತ್ತು. ಒಂದು ಕಾಗುಣಿತ ದೀರ್ಘ ಉಳಿಸ್ತು, ಸ್ವರ ಬಿಡ್ತು. ಇನ್ನೊಂದು ಸ್ವರ ತಂತು, ದೀರ್ಘ ಬಿಡ್ತು. ಪರಭಾಷೆಯ ಇಪ್ಪತ್ತಾರು ಅಕ್ಷರದಲ್ಲಿ ನಮ್ಮ ಹೆಸರನ್ನ ಪೂರ್ತಿ ಹಿಡಿಯೋಕೆ ಆಗಲ್ಲ. ಪೂರ್ತಿ ಇರೋದು ಕೋರದ ಆ ಪಹಣಿಯಲ್ಲಿ, ನಾಲ್ಕು ಕನ್ನಡ ಅಕ್ಷರದಲ್ಲಿ.

ನಿಮ್ಮ ಮನೆಯ ಹಳೆಯ ಕಾಗದಗಳಲ್ಲಿ ನಿಮ್ಮ ಊರಿನ ಹೆಸರು ಎಷ್ಟು ಥರ ಇದೆ ಅಂತ ನೋಡಿ, ನಮಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.